ಎರಡು ಸಾಲು, 18 ವಾರ

ಆಲ್ಫಾ ಗಡುವಿಗೆ ಇನ್ನು 12 ವಾರ ಇರುವಾಗ ಪಬ್ಲಿಷರ್ ಕಡೆಯಿಂದ ಒಂದು ಮೇಲ್ ಬರುತ್ತದೆ. ಆಟ ಚೆನ್ನಾಗಿ ಬರುತ್ತಿದೆ ಎಂಬ ಮೆಚ್ಚುಗೆಯ ನಾಲ್ಕು ಮಾತು, ಕೆಳಗೆ ಒಂದು ಕೋರಿಕೆ: ಎದುರಾಳಿಗಳ ಆಟಗಳಲ್ಲೆಲ್ಲ ರೇ ಟ್ರೇಸಿಂಗ್ ಇದೆ, ನಮ್ಮದರಲ್ಲೂ ಇರಲಿ, ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಬಿಡಲಿ, ಸೆಟ್ಟಿಂಗ್ಸ್‌ನಲ್ಲಿ ಒಂದು ಆನ್-ಆಫ್ ಸ್ವಿಚ್ ಇಟ್ಟರೆ ಸಾಕು. ಆಲ್ಫಾ ತಾರೀಖು ಮಾತ್ರ ಹಾಗೇ ಇರಬೇಕು.

ಇದಕ್ಕೆ ಸ್ಟುಡಿಯೋ ಲೀಡ್ ಬರೆಯುವ ಉತ್ತರ ಗೇಮ್ ಉದ್ಯಮದ ಕಷ್ಟದ ಪತ್ರಗಳಲ್ಲೊಂದು. ‘ಆಗುವುದಿಲ್ಲ’ ಎಂದರೆ ಕೈಲಾಗದವರು ಎನ್ನಿಸಿಕೊಳ್ಳಬೇಕು. ‘ಆಗಲಿ’ ಎಂದರೆ ಮೂರು ತಿಂಗಳ ನಂತರ ಅರೆಬೆಂದ ಆಟವನ್ನು ಮುಂದಿಡಬೇಕು. ಇಂಥ ಪತ್ರಗಳು ಗೋಪ್ಯತೆಯ ಒಪ್ಪಂದದೊಳಗೇ ಉಳಿಯುವುದರಿಂದ ಇಲ್ಲಿ ಹೆಸರಿಲ್ಲದ ಒಂದು ಸ್ಟುಡಿಯೋವನ್ನು ಕಲ್ಪಿಸಿಕೊಂಡು, ಅದರ ಲೀಡ್ ಏನು ಬರೆಯುತ್ತಾರೆ, ಯಾಕೆ ಹಾಗೆ ಬರೆಯುತ್ತಾರೆ ಎಂದು ನೋಡಬಹುದು. ಸ್ಟುಡಿಯೋ ಮತ್ತು ಅದರ ಲೆಕ್ಕ ಕಲ್ಪನೆಯದು. ನಡುವೆ ಹೆಸರು ಹಿಡಿದು ಹೇಳುವ ಆಟಗಳು ಮತ್ತು ಅವುಗಳ ಪಾಡು ನಿಜವಾದದ್ದು.

ಮೊದಲು ಹಣದ ವಿಷಯ, ಯಾಕೆಂದರೆ ಪತ್ರದ ಬಿಗುವೆಲ್ಲ ಅಲ್ಲಿಂದಲೇ ಬರುತ್ತದೆ. ಪಬ್ಲಿಷರ್ ಅಂದರೆ ಆಟಕ್ಕೆ ಬಂಡವಾಳ ಹಾಕಿ, ಪ್ರಚಾರ ಮಾಡಿ, ಅಂಗಡಿಗೆ ತಲುಪಿಸುವವರು. ಹಣ ಕಂತಿನಲ್ಲಿ ಬರುತ್ತದೆ. ತಿಂಗಳು ಮುಗಿದ ಮಾತ್ರಕ್ಕೆ ಕಂತು ಬರುವುದಿಲ್ಲ, ಮೈಲ್‌ಸ್ಟೋನ್ ಮುಟ್ಟಿದಾಗ ಬರುತ್ತದೆ. ಆಲ್ಫಾ ಎಂದರೆ ಆಟವನ್ನು ಮೊದಲಿಂದ ಕೊನೆಯವರೆಗೆ ಆಡಿ ಮುಗಿಸಲು ಬರಬೇಕು, ಒಪ್ಪಿಕೊಂಡ ಅಂಶಗಳೆಲ್ಲ ಒರಟಾಗಿಯಾದರೂ ಇರಬೇಕು. ಬೀಟಾ ಎಂದರೆ ಹೊಸದೇನನ್ನೂ ಸೇರಿಸದೆ ದೋಷ ತಿದ್ದುವ ಹಂತ. ಸ್ಟುಡಿಯೋ ಒಂದು ಬಿಲ್ಡ್ ಕಳಿಸುತ್ತದೆ, ಪಬ್ಲಿಷರ್ ಕಡೆಯವರು ಒಪ್ಪಂದದ ಪಟ್ಟಿ ಹಿಡಿದು ಪರೀಕ್ಷಿಸುತ್ತಾರೆ, ಒಪ್ಪಿಗೆಯಾದ ಮೇಲೆ ಕಂತು ಬಿಡುಗಡೆಯಾಗುತ್ತದೆ. ಆಲ್ಫಾ ಆರು ವಾರ ತಡವಾದರೆ ಸ್ಟುಡಿಯೋ ಆರು ವಾರದ ಸಂಬಳವನ್ನು ತನ್ನ ಕೈಯಿಂದ ಹಾಕಬೇಕು. ಬಹಳಷ್ಟು ಸ್ಟುಡಿಯೋಗಳ ಕೈಯಲ್ಲಿ ಅಷ್ಟು ಇರುವುದಿಲ್ಲ.

ಇನ್ನು ಪಬ್ಲಿಷರ್ ತಪ್ಪು ತಿಳಿಯುವುದು ಎಲ್ಲಿ? ಅವರನ್ನು ದೂರುವ ಹಾಗೂ ಇಲ್ಲ, ಸ್ವಿಚ್ ನಿಜವಾಗಿಯೂ ಅಷ್ಟೇ ಚಿಕ್ಕದು. ನಮ್ಮ ಸ್ಟುಡಿಯೋ ಅನ್‌ರಿಯಲ್ ಎಂಜಿನ್ ಬಳಸುತ್ತಿದೆ ಎಂದುಕೊಳ್ಳೋಣ. ಡೈರೆಕ್ಟ್‌ಎಕ್ಸ್ 12 ಮೊದಲೇ ಇದ್ದರೆ, `DefaultEngine.ini` ಎಂಬ ಕಡತದಲ್ಲಿ ಈ ಎರಡು ಸಾಲು ಸೇರಿಸಬೇಕು:

```
r.RayTracing=True
r.SkinCache.CompileShaders=True
```

ಎಡಿಟರ್ ಮುಚ್ಚಿ ತೆರೆದರೆ ಶೇಡರ್‌ಗಳೆಲ್ಲ ಹೊಸದಾಗಿ ಕಂಪೈಲ್ ಆಗುತ್ತವೆ. ಅದು ಮುಗಿದ ಮೇಲೆ ಅದೇ ಆಟ ರೇ ಟ್ರೇಸಿಂಗ್‌ನೊಂದಿಗೆ ತೆರೆದುಕೊಳ್ಳುತ್ತದೆ. ಎಂಜಿನ್ ಕಂಪನಿಯ ಡೆಮೊ ನೋಡಿದವರು, ಎಂಜಿನಿಯರ್ ಒಬ್ಬರು ಒಂದೇ ಮಧ್ಯಾಹ್ನದಲ್ಲಿ ಹೀಗೆ ಮಾಡಿ ತೋರಿಸಿದ್ದನ್ನು ಕಂಡವರು ‘ಇನ್ನೇನು ಬಾಕಿ?’ ಎಂದು ಕೇಳಿದರೆ ಅದು ಸಹಜ. ಬಾಕಿ ಇರುವುದೇನು ಎಂದು ತೋರಿಸಲು ಒಳ್ಳೆಯ ಲೀಡ್ ಸಿದ್ಧಾಂತ ಹೇಳುತ್ತ ಕೂರುವುದಿಲ್ಲ. ಎರಡು ವಾರ ತೆಗೆದುಕೊಂಡು, ಇಬ್ಬರು ಎಂಜಿನಿಯರ್ ಮತ್ತು ಒಬ್ಬ ಲೈಟಿಂಗ್ ಕಲಾವಿದರನ್ನು ಕೂರಿಸಿ, ಆಟದ ಒಂದೇ ಒಂದು ಜಾಗದಲ್ಲಿ ಸ್ವಿಚ್ ಹಾಕಿಸಿ, ಕಂಡದ್ದನ್ನು ಬರೆಯುತ್ತಾರೆ.

ಆ ಜಾಗ ಒಂದು ಬಂದರಿನ ಮದ್ಯದಂಗಡಿ. ಹಿಂಬದಿಯ ಗೋಡೆಗೆ ದೊಡ್ಡ ಕನ್ನಡಿ, ನೆಲದ ಮೇಲೆ ಚೆಲ್ಲಿದ ನೀರು, ಕಿಟಕಿಯಾಚೆ ಗಾಳಿಗೆ ತೂಗುವ ಮರಗಳು, ಬಾಗಿಲಲ್ಲಿ ಕಾವಲುಗಾರ.

ಸ್ವಿಚ್ ಹಾಕುವ ಮೊದಲು ಇಲ್ಲಿನ ಬೆಳಕು ಬಹುಪಾಲು ಕಣ್ಕಟ್ಟು. ಸಾಮಾನ್ಯ ಗೇಮ್‌ನಲ್ಲಿ ಚಿತ್ರ ಮೂಡುವುದು ರಾಸ್ಟರೈಸೇಶನ್ ಎಂಬ ವಿಧಾನದಿಂದ. ಕ್ಯಾಮೆರಾಗೆ ಕಾಣುವ ಪ್ರತಿ ತ್ರಿಕೋನವನ್ನು ಪರದೆಯ ಮೇಲೆ ಚಪ್ಪಟೆಯಾಗಿ ಇಳಿಸಿ ಬಣ್ಣ ತುಂಬುತ್ತಾರೆ. ಬಣ್ಣ ತುಂಬುವಾಗ ಆ ಚುಕ್ಕೆಗೆ ಪಕ್ಕದ ಮೇಜು ಎಲ್ಲಿದೆ, ಹಿಂದಿನ ದೀಪ ಎಲ್ಲಿದೆ ಎಂಬುದು ತಿಳಿದಿರುವುದಿಲ್ಲ. ಹಾಗಾಗಿ ಪ್ರತಿಬಿಂಬಕ್ಕೆ ಒಂದು ಉಪಾಯ: ಪರದೆಯ ಮೇಲೆ ಆಗಲೇ ಮೂಡಿರುವುದನ್ನೇ ತಿರುಗಿಸಿ ನೀರಿಗೆ ಅಂಟಿಸುವುದು. ಮಳೆ ನಿಂತ ಬೀದಿ ಇರುವ ಯಾವುದಾದರೂ ಹಳೆಯ ಆಟದಲ್ಲಿ ಇದನ್ನು ನೋಡಬಹುದು. ಕ್ಯಾಮೆರಾವನ್ನು ಮೆಲ್ಲಗೆ ಕೆಳಗೆ ಬಾಗಿಸಿದರೆ ಕಟ್ಟಡ ಪರದೆಯಿಂದ ಆಚೆ ಹೋಗುತ್ತದೆ, ಆ ಗಳಿಗೆಗೆ ನೀರಿನಲ್ಲಿದ್ದ ಅದರ ನೆರಳೂ ಮಾಯವಾಗುತ್ತದೆ. ಗೋಡೆಗೆ ಬಡಿದು ಹಿಂದಿರುಗುವ ಮೆದು ಬೆಳಕಿಗೆ ಇನ್ನೊಂದು ಉಪಾಯ: ರಾತ್ರಿಯಿಡೀ ಕಂಪ್ಯೂಟರ್ ಲೆಕ್ಕ ಹಾಕಿ ಆ ಬೆಳಕನ್ನು ಗೋಡೆಯ ಚಿತ್ರಕ್ಕೇ ಅಚ್ಚು ಹಾಕಿಡುತ್ತದೆ. ಉದ್ಯಮದಲ್ಲಿ ಇದಕ್ಕೆ ಬೇಕಿಂಗ್ ಎನ್ನುತ್ತಾರೆ.

ರೇ ಟ್ರೇಸಿಂಗ್ ಈ ಉಪಾಯಗಳನ್ನು ಬಿಟ್ಟು, ಪ್ರತಿ ಚುಕ್ಕೆಯಿಂದ ಒಂದು ಕಿರಣ ಬಿಟ್ಟು ಅದು ಎಲ್ಲಿ ಹೋಗಿ ತಾಗುತ್ತದೆ ಎಂದು ಹುಡುಕುತ್ತದೆ. ಆಲೋಚನೆ ಹಳೆಯದು. ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲೇ ಕನ್ನಡಿ, ಗಾಜು, ನೆರಳು ಮೂರೂ ಇದ್ದವು. ಸಿನಿಮಾ ಗ್ರಾಫಿಕ್ಸ್‌ನವರು ಒಂದೊಂದು ಚಿತ್ರಕ್ಕೆ ಗಂಟೆಗಟ್ಟಲೆ ಕಾಯಲು ಸಿದ್ಧರಿರುವುದರಿಂದ ಅವರಿಗೆ ಅದು ಒಗ್ಗಿತು. ಆಟಕ್ಕೆ ಅಷ್ಟು ಪುರುಸೊತ್ತಿಲ್ಲ. 2018ರಲ್ಲಿ ಎನ್‌ವಿಡಿಯಾ ಈ ಹುಡುಕಾಟಕ್ಕೆಂದೇ ಪ್ರತ್ಯೇಕ ಸರ್ಕ್ಯೂಟ್ ಇರುವ ಆರ್‌ಟಿಎಕ್ಸ್ ಕಾರ್ಡ್‌ಗಳನ್ನು ಮಾರುಕಟ್ಟೆಗೆ ತಂದಿತು. 2020ರ ನವೆಂಬರ್‌ನಲ್ಲಿ ಪ್ಲೇಸ್ಟೇಶನ್ 5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗಳೂ ಆ ಸಾಮರ್ಥ್ಯದೊಂದಿಗೆ ಬಂದವು. ಅಲ್ಲಿಂದಾಚೆಗೆ ಪಬ್ಲಿಷರ್‌ಗಳ ಮೇಲ್‌ಗಳಲ್ಲಿ ಈ ಪದ ಕಾಣತೊಡಗಿತು.

ಮದ್ಯದಂಗಡಿಗೆ ಮರಳೋಣ. ಸ್ವಿಚ್ ಹಾಕಿದ ಮೊದಲ ದಿನದ ಪಟ್ಟಿಯನ್ನು ಲೀಡ್ ಪತ್ರದಲ್ಲಿ ಇದ್ದ ಹಾಗೇ ಕೊಡುತ್ತಾರೆ:

“ಕನ್ನಡಿಯಲ್ಲಿ ಕಾವಲುಗಾರ ಕಾಲು ಎತ್ತಿದವನು ಎತ್ತಿದ ಹಾಗೇ ಕಲ್ಲಾಗಿ ನಿಂತಿದ್ದಾನೆ. ಕಿಟಕಿಯಾಚೆಯ ಮರಗಳು ತೂಗುತ್ತಿವೆ, ಅವುಗಳ ಪ್ರತಿಬಿಂಬ ಅಲುಗುತ್ತಿಲ್ಲ. ಕನ್ನಡಿಯೊಳಗೆ ಎದುರು ಸಾಲಿನ ಮನೆಗಳಿಗೆ ಹಿಂಗೋಡೆಯಿಲ್ಲ, ಅವುಗಳ ಮೂಲಕ ಆಕಾಶ ಕಾಣುತ್ತಿದೆ. ಅಂಗಡಿಯ ಮೂಲೆಯಲ್ಲಿ ದೀಪವಿಲ್ಲದ ಕಡೆ ಬಿಸಿಲು ಬಿದ್ದಿದೆ. ನಾಯಕಿಯ ಮುಖಕ್ಕೆ ಎರಡರಷ್ಟು ಬೆಳಕು.”

ಒಂದೂ ಎಂಜಿನ್‌ನ ದೋಷವಲ್ಲ. ಕಾವಲುಗಾರ ಕ್ಯಾಮೆರಾದ ಬೆನ್ನ ಹಿಂದಿದ್ದ. ಕಾಣದವನನ್ನು ನಡೆಸುವುದು ದಂಡವೆಂದು ಎರಡು ವರ್ಷದ ಹಿಂದೆಯೇ ಎಂಜಿನಿಯರ್‌ಗಳು ಅವನ ಚಲನೆಯನ್ನು ನಿಲ್ಲಿಸುವ ವ್ಯವಸ್ಥೆ ಮಾಡಿದ್ದರು. ಮರ ತೂಗುವುದು ಕೊಂಬೆ ನಿಜವಾಗಿ ಅಲುಗುವುದರಿಂದಲ್ಲ, ಚಿತ್ರ ಮೂಡಿಸುವಾಗ ಶೇಡರ್ ಅದನ್ನು ಜರುಗಿಸುವುದರಿಂದ. ಕಿರಣ ಹುಡುಕುವ ನಕ್ಷೆಗೆ ಆ ಜರುಗಾಟ ತಲುಪಬೇಕಾದರೆ ಪ್ರತ್ಯೇಕವಾಗಿ ಹೇಳಬೇಕು, ಪ್ರತಿ ಎಲೆಗೂ ಬೆಲೆ ತೆರಬೇಕು. ಮನೆಗಳ ಹಿಂಗೋಡೆಯನ್ನು ಯಾರೂ ಕಟ್ಟಿರಲೇ ಇಲ್ಲ. ಕಂಪನಿ ನಾಟಕದ ಅರಮನೆಗೆ ಮುಂಭಾಗ ಮಾತ್ರ ಇರುವಂತೆ ಆಟದ ಊರಿಗೂ ಪ್ರೇಕ್ಷಕ ಕೂತ ಕಡೆಯಷ್ಟೇ ಇರುತ್ತದೆ. ಕಿರಣಗಳು ರಂಗದ ಹಿಂದಕ್ಕೂ ಹೋಗಿ ನೋಡಿಬರುತ್ತವೆ.

ಈ ಹಿಂಗೋಡೆಯ ಮಾತಿನಲ್ಲಿ ಬೆಂಗಳೂರಿಗೂ ಪಾಲಿದೆ. ದೊಡ್ಡ ಆಟಗಳ ಕಾರು, ಕಟ್ಟಡ, ಪೀಠೋಪಕರಣಗಳ ಮಾದರಿಗಳನ್ನು ಹೊರಗುತ್ತಿಗೆಯಲ್ಲಿ ಮಾಡಿಕೊಡುವ ಕೆಲಸ ಇಲ್ಲಿ ಬಹಳ ಕಾಲದಿಂದ ನಡೆದಿದೆ. 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಅದರಲ್ಲಿ ಮೊದಲಿಗರ ಸಾಲಿನದು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು. ಇಂಥ ಕೆಲಸದ ಕರಾರಿನಲ್ಲಿ ಮಾದರಿಗೆ ಇಷ್ಟೇ ತ್ರಿಕೋನ ಎಂಬ ಮಿತಿಯಿರುತ್ತದೆ, ಕ್ಯಾಮೆರಾಗೆ ಕಾಣದ ಮುಖಗಳನ್ನು ಅಳಿಸಿ ಕೊಡಬೇಕೆಂದೂ ಬರೆದಿರುತ್ತದೆ. ಕಲಾವಿದರು ಹೇಳಿದಂತೆಯೇ ಅಳಿಸಿ ಕೊಟ್ಟಿದ್ದಾರೆ, ಬಿಲ್ಲೂ ಪಾವತಿಯಾಗಿದೆ. ಈಗ ಅಳಿಸಿದ್ದನ್ನೇ ಮರಳಿ ಕಟ್ಟಿಸಬೇಕೆಂದರೆ ಅದು ತಿದ್ದುಪಡಿ ಆಗುವುದಿಲ್ಲ, ಹೊಸ ಆರ್ಡರ್ ಆಗುತ್ತದೆ. ಪತ್ರದಲ್ಲಿ ಅದಕ್ಕೊಂದು ಪ್ರತ್ಯೇಕ ಸಾಲು ಬೇಕು.

ಮೂಲೆಯ ಬಿಸಿಲಿಗೆ ಕಾರಣವೂ ಹಿಂಗೋಡೆಯದ್ದೇ. ಒಂದೇ ಮಗ್ಗುಲಿನ ತೆಳು ಗೋಡೆ ಹೊರಗಿನಿಂದ ಬರುವ ಕಿರಣಕ್ಕೆ ಇದ್ದೂ ಇಲ್ಲದಂತೆ, ಬೆಳಕು ಒಳಕ್ಕೆ ಸೋರುತ್ತದೆ. ನಾಯಕಿಯ ಮುಖದ ಕತೆ ಬೇರೆ. ಆ ಮೂಲೆ ಕತ್ತಲಾಗುತ್ತದೆಂದು ಲೈಟಿಂಗ್ ಕಲಾವಿದರು ಅಲ್ಲೊಂದು ಕಾಣದ ದೀಪ ಇಟ್ಟಿದ್ದರು. ಬಲ್ಬಿಲ್ಲ, ವೈರಿಲ್ಲ, ಬರೀ ಬೆಳಕು. ಈಗ ಗೋಡೆಯಿಂದ ತಿರುಗಿ ಬರುವ ಬೆಳಕನ್ನು ಕಿರಣಗಳೇ ತಂದುಕೊಡುತ್ತಿವೆ, ಜೊತೆಗೆ ಹಳೆಯ ದೀಪವೂ ಉರಿಯುತ್ತಿದೆ. ದೀಪ ತೆಗೆದರೆ ಮುಖ ಸರಿಹೋಗುತ್ತದೆ, ಆದರೆ ಸ್ವಿಚ್ ಆಫ್ ಇರುವ ಆಟದಲ್ಲಿ ಮುಖ ಕಪ್ಪಾಗುತ್ತದೆ.

ಪತ್ರದ ಹುರುಳು ಇಲ್ಲಿದೆ. ಪಬ್ಲಿಷರ್ ಕೇಳಿದ್ದು ‘ಬೇಕಾದವರಿಗೆ ಆನ್, ಬೇಡದವರಿಗೆ ಆಫ್’. ಕೇಳುವುದಕ್ಕೆ ಅದು ಎಲ್ಲಕ್ಕಿಂತ ಅಗ್ಗದ ದಾರಿ, ಮಾಡುವುದಕ್ಕೆ ಎಲ್ಲಕ್ಕಿಂತ ದುಬಾರಿ. ಪೂರ್ತಿ ಬೆಳಕನ್ನು ಸ್ವಿಚ್‌ಗೆ ಒಪ್ಪಿಸಿದರೆ ಪ್ರತಿ ಕೋಣೆಗೂ ಎರಡು ಸಲ ದೀಪ ಜೋಡಿಸಬೇಕು, ಎರಡು ಸಲ ಪರೀಕ್ಷಿಸಬೇಕು, ನಾಳೆ ಯಾರಾದರೂ ಮೇಜು ಜರುಗಿಸಿದರೆ ಎರಡೂ ಕಡೆ ನೋಡಬೇಕು. ಲೀಡ್ ಲೆಕ್ಕ ಕೊಡುತ್ತಾರೆ: ಆಟದಲ್ಲಿ 140 ಒಳಾಂಗಣಗಳಿವೆ. ಮದ್ಯದಂಗಡಿಯನ್ನು ಎರಡೂ ರೀತಿಯಲ್ಲಿ ಸರಿಯಾಗಿ ಕಾಣುವಂತೆ ಮಾಡಲು ಒಂದೂವರೆ ದಿನ ಹಿಡಿಯಿತು. ಅದೇ ಲೆಕ್ಕದಲ್ಲಿ 210 ಆಳು-ದಿನ. ಲೈಟಿಂಗ್ ಕಲಾವಿದರು ನಾಲ್ವರು. ಬೇರೇನೂ ಮಾಡದೆ ಇದನ್ನೇ ಮಾಡಿದರೂ ಹತ್ತೂವರೆ ವಾರ.

‘ಬೇರೇನೂ ಮಾಡದೆ’ ಎಂಬುದನ್ನು ಲೀಡ್ ಅಡಿಗೆರೆ ಹಾಕಿ ಬರೆದರೆ ತಪ್ಪಿಲ್ಲ. ಆಲ್ಫಾಗೆ ಇನ್ನೂ ಮೂರು ಅಧ್ಯಾಯಗಳ ಮೊದಲ ಸುತ್ತಿನ ಬೆಳಕೇ ಬಾಕಿಯಿದೆ.

ಎರಡನೆಯ ತೊಡಕು ಸಮಯದ್ದು. ಇಲ್ಲಿ ಸಮಯ ಎಂದರೆ ವಾರಗಳಲ್ಲ, ಮಿಲಿಸೆಕೆಂಡುಗಳು. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತದೆಂದು ಪಬ್ಲಿಷರ್ ಆಗಲೇ ಜಾಹೀರಾತು ಕೊಟ್ಟಿದ್ದಾರೆ. ಅಂದರೆ ಒಂದು ಚಿತ್ರಕ್ಕೆ 16.6 ಮಿಲಿಸೆಕೆಂಡ್. ಅನ್‌ರಿಯಲ್‌ನಲ್ಲಿ `stat gpu` ಎಂದು ಬರೆದರೆ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತೆಂದು ಪರದೆಯ ಮೇಲೇ ಕಾಣುತ್ತದೆ. ಮದ್ಯದಂಗಡಿಯಲ್ಲಿ ಕನ್ಸೋಲ್ ಮೇಲೆ ಅಳೆದಾಗ ಹಳೆಯ ವಿಧಾನಕ್ಕೆ 14.8 ಮಿಲಿಸೆಕೆಂಡ್ ಬೇಕಿತ್ತು. ರೇ ಟ್ರೇಸಿಂಗ್ ಹಾಕಿದ ಮೇಲೆ ಮೂರು ಹೊಸ ಖರ್ಚು ಕಾಣಿಸಿಕೊಂಡವು.

ಮೊದಲನೆಯದು ನಕ್ಷೆಯ ಖರ್ಚು. ಕಿರಣ ಯಾವ ತ್ರಿಕೋನಕ್ಕೆ ತಾಗಿತೆಂದು ಕೋಟಿಗಟ್ಟಲೆ ತ್ರಿಕೋನಗಳನ್ನು ಒಂದೊಂದಾಗಿ ಕೇಳುತ್ತ ಹೋಗಲಾಗದು. ಊರನ್ನೆಲ್ಲ ದೊಡ್ಡ ಪೆಟ್ಟಿಗೆಗಳಾಗಿ, ಅದರೊಳಗೆ ಚಿಕ್ಕ ಪೆಟ್ಟಿಗೆಗಳಾಗಿ ವಿಂಗಡಿಸಿಡುತ್ತಾರೆ. ಪೆಟ್ಟಿಗೆಗೇ ತಾಗದ ಕಿರಣಕ್ಕೆ ಒಳಗಿನದ್ದನ್ನು ನೋಡುವ ಕೆಲಸವಿಲ್ಲ. ಈ ಏರ್ಪಾಡಿನ ಹೆಸರು ಬಿವಿಎಚ್. ನಿಂತ ಗೋಡೆಗೆ ಅದನ್ನು ಒಮ್ಮೆ ಕಟ್ಟಿದರೆ ಆಯಿತು. ಕೈಕಾಲು ಆಡಿಸುವ ಪಾತ್ರಗಳಿಗೆ ಪ್ರತಿ ಚಿತ್ರಕ್ಕೂ ಸರಿಹೊಂದಿಸಬೇಕು. ಮೇಲಿನ ಎರಡು ಸಾಲುಗಳಲ್ಲಿ ಎರಡನೆಯದು ಇದ್ದದ್ದು ಅದಕ್ಕೇ: ಪಾತ್ರದ ಮೈ ಈ ಕ್ಷಣ ಯಾವ ಭಂಗಿಯಲ್ಲಿದೆ ಎಂಬುದನ್ನು ಬರೆದಿಡಲು. ಇದಕ್ಕೆ 2 ಮಿಲಿಸೆಕೆಂಡ್ ಹೋಯಿತು. ಕಿರಣಗಳ ಹುಡುಕಾಟಕ್ಕೆ 3.1.

ಮೂರನೆಯದು ಕಲೆ ತೆಗೆಯುವ ಖರ್ಚು. ಒಂದು ಚುಕ್ಕೆಗೆ ಒಂದೇ ಕಿರಣ ಬಿಟ್ಟರೆ ಚಿತ್ರ ರವೆ ಚೆಲ್ಲಿದಂತೆ ಕಾಣುತ್ತದೆ. ಹೆಚ್ಚು ಕಿರಣ ಬಿಡಲು ಹೊತ್ತಿಲ್ಲ. ಹಾಗಾಗಿ ಡಿನಾಯ್ಸರ್ ಎಂಬ ಪ್ರೋಗ್ರಾಂ ಅಕ್ಕಪಕ್ಕದ ಚುಕ್ಕೆಗಳನ್ನೂ ಹಿಂದಿನ ಕೆಲವು ಚಿತ್ರಗಳನ್ನೂ ಬೆರೆಸಿ ನುಣುಪು ಮಾಡುತ್ತದೆ. ಅದಕ್ಕೆ 1.6. ಹಳೆಯ ಪ್ರತಿಬಿಂಬದ ಉಪಾಯ ಕೈಬಿಟ್ಟಿದ್ದರಿಂದ 1.3 ಉಳಿಯಿತು. ಕೂಡಿ ಕಳೆದರೆ 20.2 ಮಿಲಿಸೆಕೆಂಡ್, ಸೆಕೆಂಡಿಗೆ ಸುಮಾರು 49 ಚಿತ್ರ.

49 ಎಂದರೆ 60ಕ್ಕೆ ಹತ್ತಿರ ಬಂತಲ್ಲ ಎನ್ನಿಸಬಹುದು. ಮನೆಯ ಟಿ.ವಿ. ಹಾಗೆ ನೋಡುವುದಿಲ್ಲ. ಅದು ಸೆಕೆಂಡಿಗೆ 60 ಸಲ ಹೊಸ ಚಿತ್ರ ಕೇಳುತ್ತದೆ. ಸಿದ್ಧವಿಲ್ಲದಿದ್ದರೆ ಹಳೆಯದನ್ನೇ ಇನ್ನೊಮ್ಮೆ ತೋರಿಸುತ್ತದೆ. ದರವನ್ನು ಆಟಕ್ಕೆ ತಕ್ಕಂತೆ ಬದಲಿಸಿಕೊಳ್ಳುವ ಹೊಸ ಟಿ.ವಿ. ಇಲ್ಲದ ಮನೆಯಲ್ಲಿ 49 ಕುಂಟುತ್ತದೆ, ಕಡೆಗೆ 30ಕ್ಕೆ ಇಳಿಸಿ ಕಟ್ಟಿಹಾಕುವುದೇ ಮೇಲು ಎನ್ನಿಸುತ್ತದೆ. ಇಲ್ಲವೇ 3.6 ಮಿಲಿಸೆಕೆಂಡ್ ಎಲ್ಲಿಂದಾದರೂ ಹೆರೆದು ತೆಗೆಯಬೇಕು. ಅದಕ್ಕೂ ದಾರಿಗಳಿವೆ: ಅರ್ಧ ಅಗಲ, ಅರ್ಧ ಎತ್ತರದಲ್ಲಿ ಕಿರಣ ಬಿಟ್ಟು ನಾಲ್ಕು ಚುಕ್ಕೆಗೆ ಒಂದು ಎಂದು ಹಂಚುವುದು, ಒರಟು ಮೈಗಳಿಗೆ ಕಿರಣವನ್ನೇ ಬಿಡದಿರುವುದು, ದೂರದ ಜನಜಂಗುಳಿಯನ್ನು ಪ್ರತಿಬಿಂಬದಿಂದ ತೆಗೆಯುವುದು. ಪ್ರತಿಯೊಂದಕ್ಕೂ ಅದರದೇ ಆದ ಕಲೆ ಉಳಿಯುತ್ತದೆ. ಕನ್ನಡಿಯೊಳಗೆ ಓಡುವವನ ಹಿಂದೆ ಬಾಲದಂತೆ ಮಸುಕು ಎಳೆದುಕೊಂಡು ಬಂದರೆ ಡಿನಾಯ್ಸರ್ ಹಳೆಯ ಚಿತ್ರವನ್ನು ಹೆಚ್ಚು ಬೆರೆಸಿದೆ ಎಂದರ್ಥ. ಅದನ್ನು ಹುಡುಕಿ, ಪ್ರತಿ ಅಧ್ಯಾಯದಲ್ಲೂ ತಿದ್ದಬೇಕು.

ನೆನಪಿನ ಮಾತೂ ಒಂದಿದೆ. ಪೆಟ್ಟಿಗೆಗಳ ನಕ್ಷೆ ನೂರಾರು ಮೆಗಾಬೈಟ್ ಜಾಗ ಕೇಳುತ್ತದೆ. ಪ್ಲೇಸ್ಟೇಶನ್ 5ರಲ್ಲಿ 16 ಗಿಗಾಬೈಟ್ ಇದೆ, ಎಕ್ಸ್‌ಬಾಕ್ಸ್‌ನ ಅಗ್ಗದ ಮಾದರಿಯಾದ ಸೀರೀಸ್ ಎಸ್‌ನಲ್ಲಿ 10 ಮಾತ್ರ. ಅಲ್ಲಿ ಈಗಲೇ ಜಾಗ ತುಂಬಿ ತುಳುಕುತ್ತಿದೆ.

ಇಷ್ಟು ಬರೆದ ಮೇಲೆ ಪಬ್ಲಿಷರ್‌ಗೆ ಏಳುವ ಪ್ರಶ್ನೆ: ‘ಬೇರೆಯವರು ಮಾಡಿದ್ದಾರಲ್ಲ?’ ಮಾಡಿದ್ದಾರೆ. ಹೇಗೆ ಮಾಡಿದರು, ಎಷ್ಟು ದಿನ ತೆಗೆದುಕೊಂಡರು ಎಂಬುದು ಸಾರ್ವಜನಿಕವಾಗಿಯೇ ಇದೆ. ಜಾಣ ಲೀಡ್ ತನ್ನ ಮಾತಿಗಿಂತ ಆ ದಾಖಲೆಯನ್ನು ನೆಚ್ಚುತ್ತಾರೆ.

2018ರ ಆಗಸ್ಟ್‌ನಲ್ಲಿ ಜರ್ಮನಿಯ ಕಲೋನ್‌ನಲ್ಲಿ ಎನ್‌ವಿಡಿಯಾ ತನ್ನ ಹೊಸ ಕಾರ್ಡ್‌ಗಳನ್ನು ತೋರಿಸಿದಾಗ ‘ಶ್ಯಾಡೋ ಆಫ್ ದಿ ಟೂಂಬ್ ರೈಡರ್’ ಆ ವೇದಿಕೆಯ ಮುಖ್ಯ ಆಕರ್ಷಣೆಗಳಲ್ಲೊಂದು. ಆಟ ಸೆಪ್ಟೆಂಬರ್ 14ಕ್ಕೆ ಬಿಡುಗಡೆಯಾಯಿತು, ರೇ ಟ್ರೇಸಿಂಗ್ ಇಲ್ಲದೆ. ಅದು ಪ್ಯಾಚ್ ರೂಪದಲ್ಲಿ ಬಂದದ್ದು 2019ರ ಮಾರ್ಚ್‌ನಲ್ಲಿ. ಆರು ತಿಂಗಳ ನಂತರ ಬಂದದ್ದಾದರೂ ಏನು? ನೆರಳುಗಳು ಮಾತ್ರ. ಪ್ರತಿಬಿಂಬವಿಲ್ಲ, ಗೋಡೆಯಿಂದ ತಿರುಗುವ ಬೆಳಕಿಲ್ಲ. ನೆರಳು ಈ ಮೂರರಲ್ಲಿ ಸುಲಭದ್ದು.

ಸ್ಟಾಕ್‌ಹೋಮ್‌ನ ಡೈಸ್ ಸ್ಟುಡಿಯೋದ ‘ಬ್ಯಾಟಲ್‌ಫೀಲ್ಡ್ 5’ ಬೇಗನೆ ಮಾಡಿ ತೋರಿಸಿತು. ಅದೂ ಒಂದೇ ಅಂಶವನ್ನು ಹಿಡಿಯಿತು, ಪ್ರತಿಬಿಂಬ. 2018ರ ನವೆಂಬರ್‌ನಲ್ಲಿ ಆಟಗಾರರ ಕೈಗೆ ಬಂದಾಗ ನೀರು, ಗಾಜು, ಕಾರಿನ ಮೈ ಎಲ್ಲ ಮಿಂಚಿದವು, ಆಟದ ವೇಗ ಹಲವು ಕಡೆ ಅರ್ಧದ ಹತ್ತಿರಕ್ಕೆ ಇಳಿಯಿತು. ತಿಂಗಳೊಳಗೆ ಬಂದ ಪ್ಯಾಚ್ ವೇಗವನ್ನು ಶೇ. 50ರವರೆಗೆ ಹೆಚ್ಚಿಸುತ್ತದೆಂದು ಎನ್‌ವಿಡಿಯಾ ಹೇಳಿತು. ಅಷ್ಟು ದೊಡ್ಡ ಸುಧಾರಣೆ ಅಷ್ಟು ಬೇಗ ಸಿಕ್ಕಿತೆಂದರೆ ಬಿಡುಗಡೆಯ ದಿನ ಕೆಲಸ ಎಷ್ಟು ಬಾಕಿಯಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತಮ್ಮದೇ ಎಂಜಿನ್, ಕಾರ್ಡ್ ಮಾಡುವ ಕಂಪನಿಯ ಎಂಜಿನಿಯರ್‌ಗಳ ನೆರವು, ಎರಡೂ ಇದ್ದವರ ಪಾಡು ಇದು. ನಮ್ಮ ಕಲ್ಪನೆಯ ಸ್ಟುಡಿಯೋಗೆ ಎರಡೂ ಇಲ್ಲ.

ಕನ್ಸೋಲ್‌ನಲ್ಲಿ ಇನ್‌ಸಾಮ್ನಿಯಾಕ್ ಸ್ಟುಡಿಯೋ ಇನ್ನೊಂದು ದಾರಿ ಹಿಡಿಯಿತು. 2020ರ ನವೆಂಬರ್‌ನಲ್ಲಿ ಬಂದ ‘ಸ್ಪೈಡರ್-ಮ್ಯಾನ್: ಮೈಲ್ಸ್ ಮೊರಾಲೆಸ್’ ಆಟದಲ್ಲಿ ರೇ ಟ್ರೇಸಿಂಗ್ ಬೇಕಾದವರು 30 ಚಿತ್ರಕ್ಕೆ ಒಪ್ಪಬೇಕಿತ್ತು, 60 ಬೇಕಾದವರು ರೇ ಟ್ರೇಸಿಂಗ್ ಬಿಡಬೇಕಿತ್ತು. ಎರಡೂ ಒಟ್ಟಿಗೆ ಸಿಗುವ ಮೂರನೆಯ ಆಯ್ಕೆ ಮುಂದಿನ ತಿಂಗಳು ಪ್ಯಾಚ್‌ನಲ್ಲಿ ಬಂತು. ಅದಕ್ಕಾಗಿ ಚಿತ್ರದ ಸೂಕ್ಷ್ಮತೆಯನ್ನೂ ಬೀದಿಯ ಜನರ ಸಂಖ್ಯೆಯನ್ನೂ ತಗ್ಗಿಸಿದ್ದರು.

ಹಳೆಯ ಬೆಳಕನ್ನು ಪೂರ್ತಿ ಕೈಬಿಟ್ಟವರೂ ಇದ್ದಾರೆ. 4ಎ ಗೇಮ್ಸ್‌ನ ‘ಮೆಟ್ರೋ ಎಕ್ಸೋಡಸ್’ 2019ರ ಫೆಬ್ರುವರಿಯಲ್ಲಿ ಸ್ವಿಚ್ ಇಟ್ಟುಕೊಂಡೇ ಬಂದಿತ್ತು. 2021ರ ಮೇ ತಿಂಗಳಲ್ಲಿ ಅವರು ಅದರ ಇನ್ನೊಂದು ಆವೃತ್ತಿ ತಂದರು. ಅದರಲ್ಲಿ ಸ್ವಿಚ್ಚೇ ಇಲ್ಲ, ಬೆಳಕೆಲ್ಲ ಕಿರಣದ್ದು, ರೇ ಟ್ರೇಸಿಂಗ್ ಕಾರ್ಡ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಓಡುವುದಿಲ್ಲ. 2024ರ ಕೊನೆಗೆ ಬಂದ ‘ಇಂಡಿಯಾನಾ ಜೋನ್ಸ್ ಆ್ಯಂಡ್ ದಿ ಗ್ರೇಟ್ ಸರ್ಕಲ್’ ಮತ್ತು 2025ರ ‘ಡೂಮ್: ದಿ ಡಾರ್ಕ್ ಏಜಸ್’ ಶುರುವಿನಿಂದಲೇ ಆ ಕಾರ್ಡ್ ಕೇಳುತ್ತವೆ. ಈ ದಾರಿಯಲ್ಲಿ ಒಂದು ದೊಡ್ಡ ಲಾಭವೂ ಇದೆ: ಬೇಕಿಂಗ್ ಇಲ್ಲ. ಕಲಾವಿದರು ದೀಪ ಜರುಗಿಸಿ ಫಲಿತಾಂಶಕ್ಕೆ ಮರುದಿನ ಬೆಳಿಗ್ಗೆಯವರೆಗೆ ಕಾಯಬೇಕಿಲ್ಲ. ರೇ ಟ್ರೇಸಿಂಗ್ ಕೆಲಸ ಉಳಿಸುತ್ತದೆ ಎಂದು ಪಬ್ಲಿಷರ್ ಎಲ್ಲೋ ಓದಿದ್ದರೆ ಅದು ಸುಳ್ಳಲ್ಲ. ಮೊದಲ ದಿನದಿಂದಲೇ ಅದೊಂದನ್ನೇ ನಂಬಿ ಕಟ್ಟಿದ ಆಟಕ್ಕೆ ಆ ಮಾತು ಸಲ್ಲುತ್ತದೆ, ಎರಡು ವರ್ಷ ಬೇರೆ ಬೆಳಕಿನಲ್ಲಿ ಬೆಳೆದ ಆಟಕ್ಕಲ್ಲ.

ಪತ್ರದ ಕೊನೆಯ ಭಾಗದಲ್ಲಿ ಲೀಡ್ ಆಯ್ಕೆಗಳನ್ನು ಮುಂದಿಡುತ್ತಾರೆ. ಕಷ್ಟಗಳ ಪಟ್ಟಿ ಕೊಟ್ಟು ನಿಲ್ಲಿಸಿದರೆ ಅದು ದೂರಾಗುತ್ತದೆ, ಓದಿದವರಿಗೆ ಸಹಿ ಹಾಕಲು ಏನೂ ಸಿಗುವುದಿಲ್ಲ.

“ನೀವು ಕೇಳಿದ ರೂಪದಲ್ಲೇ, ಅಂದರೆ ಪ್ರತಿಬಿಂಬ ಮತ್ತು ಪೂರ್ತಿ ಬೆಳಕು ಎರಡೂ ಆನ್-ಆಫ್ ಸ್ವಿಚ್‌ನೊಂದಿಗೆ ಬೇಕಾದರೆ ಆಲ್ಫಾ 18 ವಾರ ಮುಂದೆ ಹೋಗುತ್ತದೆ. ಇದರಲ್ಲಿ ಹತ್ತೂವರೆ ವಾರ ಬರೀ ದೀಪ ಜೋಡಣೆ. ಪ್ರತಿಬಿಂಬ ಮಾತ್ರ, ಅದೂ 30 ಚಿತ್ರದ ಗುಣಮಟ್ಟದ ಆಯ್ಕೆಯಲ್ಲಿ ಮಾತ್ರ, ಸೀರೀಸ್ ಎಸ್ ಹೊರತುಪಡಿಸಿ, ಎಂದು ಒಪ್ಪಿದರೆ 6 ವಾರ. ಇದರಲ್ಲಿ ಯಾವ ಕೋಣೆಯ ದೀಪವನ್ನೂ ಮುಟ್ಟುವುದಿಲ್ಲ. ಆಲ್ಫಾ ಈಗಿನ ತಾರೀಖಿಗೇ ಬೇಕೆಂದರೆ ರೇ ಟ್ರೇಸಿಂಗ್ ಅನ್ನು ಬಿಡುಗಡೆಯ ನಂತರದ ಪ್ಯಾಚ್‌ಗೆ ಇಟ್ಟುಕೊಳ್ಳೋಣ. ನಮ್ಮ ಸಲಹೆ ಎರಡನೆಯದು.”

ಗಮನಿಸಬೇಕಾದ್ದು, ಹಳೆಯ ಬೆಳಕನ್ನು ಪೂರ್ತಿ ಬಿಡುವ ಮೆಟ್ರೋ ದಾರಿಯನ್ನು ಲೀಡ್ ಆಯ್ಕೆಯಾಗಿ ಇಡಲೇ ಇಲ್ಲ. ಹಳೆಯ ಕಾರ್ಡ್‌ಗಳಲ್ಲೂ ಓಡುತ್ತದೆಂದು ಹೇಳಿ ಮುಂಗಡ ಬುಕಿಂಗ್ ತೆಗೆದುಕೊಂಡ ಆಟಕ್ಕೆ ಆ ಬಾಗಿಲು ಮುಚ್ಚಿದೆ.

18 ವಾರ ಎಂಬ ಅಂಕಿ ಕಂಡ ಕೂಡಲೇ ಪಬ್ಲಿಷರ್ ಕಡೆಯ ಪ್ರೊಡ್ಯೂಸರ್ ಇನ್ನೂ ನಾಲ್ಕು ಜನ ಲೈಟಿಂಗ್ ಕಲಾವಿದರನ್ನು ತೆಗೆದುಕೊಳ್ಳಿ, ಖರ್ಚು ನಾವು ಕೊಡುತ್ತೇವೆ ಎನ್ನಬಹುದು. ಅದಕ್ಕೂ ಪತ್ರದಲ್ಲೇ ಉತ್ತರ ಇರಬೇಕು. ಹೊಸಬರು ಎಂಜಿನ್ ಮತ್ತು ಆಟದ ಬಣ್ಣದ ಹದ ಕಲಿಯುವುದಕ್ಕೆ ವಾರಗಳು ಹೋಗುತ್ತವೆ, ಕಲಿಸುವವರು ಈಗಿರುವ ನಾಲ್ವರೇ. ಜೊತೆಗೆ ಹಿಂಗೋಡೆಗಳು ಬಂದು, ಬೆಳಕು ಸೋರುವುದು ನಿಂತ ಮೇಲಷ್ಟೇ ಆ ಕೋಣೆಯಲ್ಲಿ ದೀಪ ಜೋಡಿಸಲು ಸಾಧ್ಯ. ಸರದಿಯಲ್ಲಿ ಆಗಬೇಕಾದ ಕೆಲಸಕ್ಕೆ ಜನ ಸೇರಿಸಿದರೆ ಸರದಿ ಉದ್ದವಾಗುತ್ತದೆ.

ಎರಡನೆಯ ಆಯ್ಕೆಗೆ ಒಪ್ಪಿಗೆ ಬಂತೆನ್ನಿ. ಆಗ ಮೈಲ್‌ಸ್ಟೋನ್ ಪಟ್ಟಿಯ ಒಂದು ಸಾಲನ್ನು ತಿದ್ದಲೇಬೇಕು. ಪಬ್ಲಿಷರ್ ಕಳಿಸಿದ ಕರಡಿನಲ್ಲಿ ‘ರೇ ಟ್ರೇಸಿಂಗ್ ಪ್ರತಿಬಿಂಬ ಕೆಲಸ ಮಾಡಬೇಕು’ ಎಂದಿರುತ್ತದೆ. ಆ ಸಾಲಿಗೆ ಸಹಿ ಹಾಕಿದರೆ ಕನ್ನಡಿಯಲ್ಲಿ ಒಂದು ಎಲೆ ಅಲುಗದಿದ್ದರೂ ಕಂತು ತಡೆಹಿಡಿಯಬಹುದು. ಲೀಡ್ ಅದನ್ನು ಹೀಗೆ ಬದಲಿಸಿ ಕಳಿಸುತ್ತಾರೆ: ಪಟ್ಟಿ ಮಾಡಿದ 12 ಜಾಗಗಳಲ್ಲಿ, ಪ್ಲೇಸ್ಟೇಶನ್ 5 ಮತ್ತು ಸೀರೀಸ್ ಎಕ್ಸ್‌ನಲ್ಲಿ, ಒಂದು ಚಿತ್ರಕ್ಕೆ 33.3 ಮಿಲಿಸೆಕೆಂಡ್ ಮೀರದೆ, ಪಾತ್ರಗಳು ಮತ್ತು ಕಟ್ಟಡಗಳು ಪ್ರತಿಬಿಂಬದಲ್ಲಿ ಕಾಣಬೇಕು; ಎಲೆ, ಹೊಗೆ, ಕಿಡಿ, ಮಳೆಹನಿ ಇದರಲ್ಲಿ ಸೇರುವುದಿಲ್ಲ. ಅದರ ಕೆಳಗೆ ಆರು ವಾರದ ಸಂಬಳವನ್ನು ಕಂತಿಗೆ ಮುಂಚೆಯೇ ಬಿಡುಗಡೆ ಮಾಡಬೇಕೆಂಬ ಸಾಲು, ಹೊರಗುತ್ತಿಗೆಯ ಹಿಂಗೋಡೆಗಳ ಖರ್ಚು ಯಾರದೆಂಬ ಇನ್ನೊಂದು ಸಾಲು. ಎಲೆಯ ವಿಷಯದಲ್ಲಿ ಪಬ್ಲಿಷರ್ ಒಂದೆರಡು ಸಲ ಕೊಸರಾಡಿ ಒಪ್ಪುತ್ತಾರೆ. ಹೆಚ್ಚು ದಿನ ಹಿಡಿಯುವುದು ಕೊನೆಯ ಆ ಎರಡು ಸಾಲುಗಳ ಚೌಕಾಸಿ. ಅಷ್ಟರಲ್ಲಿ ಮದ್ಯದಂಗಡಿಯ ಕಾವಲುಗಾರನನ್ನು ಕನ್ನಡಿಯೊಳಗೂ ನಡೆಸುವ ಕೆಲಸ ಒಬ್ಬ ಎಂಜಿನಿಯರ್ ಪಾಲಿಗೆ ಬಿದ್ದಿರುತ್ತದೆ, ಕರಾರಿಗೆ ಸಹಿ ಬೀಳುವ ಮೊದಲೇ.